ಹದಿನೇಳು ಅಕ್ಷರ-ಅಂಕಿಗಳ ಒಪ್ಪಂದ

NIFTY2641325000CE

ಷೇರುಪೇಟೆಯ ಆಪ್ ತೆರೆದು ನಿಫ್ಟಿ ಆಪ್ಷನ್ ಹುಡುಕಿದವರಿಗೆ ಇಂಥದೊಂದು ಸಾಲು ಕಾಣಿಸುತ್ತದೆ. ಅಕ್ಷರ, ಅಂಕಿ ಎಲ್ಲ ಸೇರಿ ಹದಿನೇಳು. ನಡುವೆ ಒಂದು ಖಾಲಿ ಜಾಗವೂ ಇಲ್ಲ, ಚುಕ್ಕೆಯೂ ಇಲ್ಲ. ಮೊದಲ ಸಲ ನೋಡಿದವರಿಗೆ ಯಾವುದೋ ಪಾರ್ಸೆಲ್‌ನ ನಂಬರಿನಂತೆ ಕಾಣುವ ಈ ಸಾಲು ಒಂದು ಪೂರ್ಣ ಒಪ್ಪಂದದ ಹೆಸರು. ಯಾವುದರ ಮೇಲಿನ ಒಪ್ಪಂದ, ಯಾವ ದಿನ ಮುಗಿಯುತ್ತದೆ, ಯಾವ ಬೆಲೆಗೆ, ಯಾವ ಬಗೆಯ ಹಕ್ಕು ಎಂಬ ನಾಲ್ಕೂ ಸಂಗತಿಗಳು ಇದರಲ್ಲೇ ಇವೆ. ಹಣ ಕಳೆಯುವ ಎಷ್ಟೋ ಎಡವಟ್ಟುಗಳು ಶುರುವಾಗುವುದು ಈ ಹೆಸರನ್ನು ಅರ್ಧ ಓದಿ ಆರ್ಡರ್ ಒತ್ತಿದಾಗ.

ಹೆಸರನ್ನು ಬಿಡಿಸಿ ಬರೆದರೆ ಹೀಗಾಗುತ್ತದೆ:

```
NIFTY | 26 | 4 | 13 | 25000 | CE
```

ಮೊದಲನೆಯದು ನಿಫ್ಟಿ, ಅಂದರೆ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ಐವತ್ತು ಕಂಪನಿಗಳ ಸೂಚ್ಯಂಕ. ಆಮೇಲಿನ 26 ಎಂದರೆ 2026ನೇ ಇಸವಿ. ನಂತರದ 4 ನಾಲ್ಕನೇ ತಿಂಗಳು, ಏಪ್ರಿಲ್. 13 ಎಂದರೆ ತಾರೀಖು. 25000 ಎಂಬುದು ಸ್ಟ್ರೈಕ್ ಬೆಲೆ, ಒಪ್ಪಂದ ಕಟ್ಟಿಕೊಂಡಿರುವ ಮಟ್ಟ. ಕೊನೆಯ CE ಇದು ಕಾಲ್ ಆಪ್ಷನ್ ಎಂದು ಹೇಳುತ್ತದೆ. ಪುಟ್ ಆಪ್ಷನ್ ಆಗಿದ್ದರೆ ಅಲ್ಲಿ PE ಇರುತ್ತಿತ್ತು. ಒಟ್ಟಾರೆ ಅರ್ಥ ಇಷ್ಟು: 2026ರ ಏಪ್ರಿಲ್ 13ರಂದು ನಿಫ್ಟಿ 25,000ದ ಮೇಲೆ ಎಷ್ಟು ಅಂಶ ನಿಲ್ಲುತ್ತದೋ ಅಷ್ಟು ರೂಪಾಯಿಯನ್ನು ಪಡೆಯುವ ಹಕ್ಕು. 25,000 ಅಥವಾ ಅದಕ್ಕಿಂತ ಕೆಳಗೆ ನಿಂತರೆ ಏನೂ ಸಿಗುವುದಿಲ್ಲ. ಈ ಹಕ್ಕಿಗಾಗಿ ಕೊಳ್ಳುವವನು ಮುಂಚೆಯೇ ಕೊಡುವ ಬೆಲೆಗೆ ಪ್ರೀಮಿಯಂ ಎನ್ನುತ್ತಾರೆ. ಪುಟ್ ಇದರ ತದ್ವಿರುದ್ಧ, ಸೂಚ್ಯಂಕ ಎಷ್ಟು ಕೆಳಗೆ ಹೋದರೆ ಅಷ್ಟು ಹಣ.

CE ಎಂಬಲ್ಲಿ C ಕಾಲ್ ಎಂಬುದು ಹಲವರಿಗೆ ಗೊತ್ತಿರುತ್ತದೆ, E ಏನೆಂಬುದನ್ನು ಕೇಳುವವರು ಕಡಿಮೆ. ಅದು ಯುರೋಪಿಯನ್ ಎಂಬುದರ ಮೊದಲಕ್ಷರ. ಯುರೋಪಿಯನ್ ಬಗೆಯ ಆಪ್ಷನ್‌ನಲ್ಲಿ ಹಕ್ಕು ಚಲಾಯಿಸುವುದು ಕೊನೆಯ ದಿನ ಮಾತ್ರ. ಅಮೆರಿಕನ್ ಬಗೆಯಲ್ಲಿ ನಡುವೆ ಯಾವ ದಿನವಾದರೂ ಚಲಾಯಿಸಬಹುದು. ಭಾರತದಲ್ಲಿ ಕಂಪನಿ ಷೇರುಗಳ ಆಪ್ಷನ್‌ಗಳು ಹಿಂದೆ ಅಮೆರಿಕನ್ ಬಗೆಯವಾಗಿದ್ದವು, ಅವುಗಳ ಹೆಸರು CA, PA ಎಂದು ಮುಗಿಯುತ್ತಿತ್ತು. 2011ರಲ್ಲಿ ಅವೂ ಯುರೋಪಿಯನ್ ಬಗೆಗೆ ಬದಲಾದವು. ಹಾಗೆಂದು ಕೊಂಡವನು ಕೊನೆಯ ದಿನದವರೆಗೆ ಕಾಯಲೇಬೇಕು ಎಂದಲ್ಲ. ಅವನು ಆಪ್ಷನ್ ಅನ್ನೇ ಪೇಟೆಯಲ್ಲಿ ಆ ಹೊತ್ತಿನ ಬೆಲೆಗೆ ಯಾವಾಗ ಬೇಕಾದರೂ ಮಾರಬಹುದು.

ಈ ಹೆಸರಿನ ರೂಪ ಎಲ್ಲ ಕಡೆ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ವಿನಿಮಯ ಕೇಂದ್ರದ ಲೆಕ್ಕದಲ್ಲಿ ಒಪ್ಪಂದದ ಪ್ರತಿ ಭಾಗಕ್ಕೂ ಪ್ರತ್ಯೇಕ ಅಂಕಣವಿದೆ. ಸೂಚ್ಯಂಕದ ಆಪ್ಷನ್ ಆದರೆ OPTIDX, ಕಂಪನಿ ಷೇರಿನದಾದರೆ OPTSTK, ಆಮೇಲೆ ಹೆಸರು, ಪೂರ್ತಿ ತಾರೀಖು, ಬಗೆ, ಸ್ಟ್ರೈಕ್. ಇವನ್ನೆಲ್ಲ ಒಟ್ಟಿಗೆ ಹೆಣೆದು ಒಂದೇ ಸಾಲು ಮಾಡುವುದು ಬ್ರೋಕರ್‌ಗಳ ಕೆಲಸ. ಮೇಲೆ ಕೊಟ್ಟಿರುವುದು ಬೆಂಗಳೂರಿನ ಜೆರೋಧಾ ಕಂಪನಿಯ ಕೈಟ್ ವೇದಿಕೆಯಲ್ಲಿ ಬಳಕೆಯಲ್ಲಿರುವ ರೀತಿ. ಇನ್ನು ಕೆಲವೆಡೆ ಇದೇ ಒಪ್ಪಂದ NIFTY13APR2625000CE ಎಂದು ಬರುತ್ತದೆ. ಅಲ್ಲಿ ತಾರೀಖು ಮೊದಲು, ಆಮೇಲೆ ತಿಂಗಳು, ಕೊನೆಗೆ ಇಸವಿ. ಇಸವಿಯ 26ಕ್ಕೂ ಸ್ಟ್ರೈಕ್‌ನ 25000ಕ್ಕೂ ನಡುವೆ ಗೆರೆಯಿಲ್ಲದ್ದರಿಂದ ಅವಸರದ ಕಣ್ಣಿಗೆ 26250 ಎಂಬ ಸ್ಟ್ರೈಕ್ ಕಂಡುಬಿಡಬಹುದು. ಹೀಗಾಗಿ ಎರಡು ಆಪ್ ಬಳಸುವವರು ಒಂದರ ರೂಢಿಯನ್ನು ಇನ್ನೊಂದರಲ್ಲಿ ನೆಚ್ಚಿಕೊಳ್ಳಬಾರದು.

ಕೈಟ್‌ನ ರೀತಿಯಲ್ಲೂ ಒಂದು ತೊಡಕಿದೆ. ತಿಂಗಳಿಗೆ ಒಂದೇ ಅಕ್ಷರದ ಜಾಗವಿರುವುದರಿಂದ ಜನವರಿಯಿಂದ ಸೆಪ್ಟೆಂಬರ್‌ವರೆಗೆ 1ರಿಂದ 9, ಆಮೇಲಿನ ಮೂರು ತಿಂಗಳಿಗೆ O, N, D. 2025ರ ಅಕ್ಟೋಬರ್ 7ರ ಒಪ್ಪಂದ NIFTY25O0725000CE ಎಂದಿತ್ತು. ಅದರಲ್ಲಿ ಅಕ್ಷರ O ಮತ್ತು ಅಂಕಿ 0 ಅಕ್ಕಪಕ್ಕ ಕೂತಿವೆ. ಕೈಯಲ್ಲಿ ಹೆಸರು ಟೈಪ್ ಮಾಡುವವರು, ಎಕ್ಸೆಲ್ ಹಾಳೆಯಲ್ಲಿ ಲೆಕ್ಕ ಇಡುವವರು ಇಲ್ಲಿ ಎರಡು ಸೊನ್ನೆ ಹಾಕಿ, ಒಪ್ಪಂದವೇ ಸಿಗುತ್ತಿಲ್ಲವಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತಾರೆ.

ಮಂಗಳವಾರದ ಲೆಕ್ಕ

ಏಪ್ರಿಲ್ 13, 2026 ಸೋಮವಾರ. ಆದರೆ ನಿಫ್ಟಿ ಆಪ್ಷನ್‌ಗಳ ಎಕ್ಸ್‌ಪೈರಿ, ಅಂದರೆ ಒಪ್ಪಂದ ಮುಗಿಯುವ ದಿನ, ಮಂಗಳವಾರ. ಹಾಗಾದರೆ ಹೆಸರಿನಲ್ಲಿ 13 ಏಕೆ? ಮಾರನೆಯ ದಿನ, ಏಪ್ರಿಲ್ 14, ಅಂಬೇಡ್ಕರ್ ಜಯಂತಿ. ಷೇರುಪೇಟೆಗೆ ರಜೆ. ಎಕ್ಸ್‌ಪೈರಿಯ ದಿನ ರಜೆ ಬಿದ್ದರೆ ಒಪ್ಪಂದ ಅದರ ಹಿಂದಿನ ವಹಿವಾಟು ದಿನವೇ ಮುಗಿಯುತ್ತದೆ, ಮುಂದಕ್ಕೆ ಹೋಗುವುದಿಲ್ಲ. ವಾರದ ಆಪ್ಷನ್ ಕೊಂಡವರಿಗೆ ಇದು ಸಣ್ಣ ವಿಷಯವಲ್ಲ. ನಾಲ್ಕೈದು ದಿನದ ಆಯುಸ್ಸಿನ ಒಪ್ಪಂದದಲ್ಲಿ ಒಂದು ದಿನ ಕಡಿಮೆಯಾಗುವುದೆಂದರೆ ಬೆಲೆಯ ಲೆಕ್ಕವೇ ಬದಲಾದಂತೆ.

ಮಂಗಳವಾರ ಎಂಬ ನಿಯಮವೂ ಹಳೆಯದಲ್ಲ. ಬಹುಕಾಲ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಗುರುವಾರವೇ ಎಕ್ಸ್‌ಪೈರಿ. ಮುಂಬೈ ಷೇರು ವಿನಿಮಯ ಕೇಂದ್ರದ ಸೆನ್ಸೆಕ್ಸ್ ಆಪ್ಷನ್‌ಗಳದು ಬೇರೆ ದಿನ. ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2025ರ ಮೇನಲ್ಲಿ ಸುತ್ತೋಲೆ ಹೊರಡಿಸಿ, ಎಲ್ಲ ಷೇರು ಆಪ್ಷನ್‌ಗಳ ಎಕ್ಸ್‌ಪೈರಿ ಮಂಗಳವಾರ ಇಲ್ಲವೇ ಗುರುವಾರ ಮಾತ್ರ ಇರಬೇಕು ಎಂದಿತು. ಅದರಂತೆ 2025ರ ಸೆಪ್ಟೆಂಬರ್‌ನಿಂದ ನಿಫ್ಟಿಗೆ ಮಂಗಳವಾರ, ಸೆನ್ಸೆಕ್ಸ್‌ಗೆ ಗುರುವಾರ ನಿಗದಿಯಾಯಿತು.

ಈಗ ಏಪ್ರಿಲ್ ತಿಂಗಳನ್ನು ಪೂರ್ತಿ ನೋಡೋಣ. 2026ರ ಏಪ್ರಿಲ್‌ನ ಮಂಗಳವಾರಗಳು 7, 14, 21 ಮತ್ತು 28. ಮೊದಲ ಮೂರು ವಾರಗಳ ಒಪ್ಪಂದಗಳು ವಾರದ ಒಪ್ಪಂದಗಳು. ಅವುಗಳ ಹೆಸರಿನಲ್ಲಿ ತಾರೀಖು ಇರುತ್ತದೆ. ಕೊನೆಯ ಮಂಗಳವಾರ, 28ರಂದು ಮುಗಿಯುವುದು ತಿಂಗಳ ಒಪ್ಪಂದ. ಅದರ ಹೆಸರು ಬೇರೆ ರೀತಿ:

```
NIFTY26APR25000CE
```

ಇಲ್ಲಿ ತಾರೀಖೇ ಇಲ್ಲ. ತಿಂಗಳಿಗೆ ಒಂದು ಅಂಕಿಯ ಬದಲು ಮೂರಕ್ಷರ. ತಿಂಗಳ ಒಪ್ಪಂದ ಯಾವಾಗಲೂ ಕೊನೆಯ ಮಂಗಳವಾರವೇ ಮುಗಿಯುವುದರಿಂದ ತಾರೀಖು ಹೇಳಬೇಕಿಲ್ಲ ಎಂಬುದು ಇದರ ಹಿಂದಿನ ತರ್ಕ. ಏಪ್ರಿಲ್ ಕೊನೆಯ ವಾರಕ್ಕೆಂದು ಬೇರೆ ವಾರದ ಒಪ್ಪಂದ ಇರುವುದಿಲ್ಲ. ತಿಂಗಳ ಒಪ್ಪಂದವೇ ಆ ವಾರದ ಒಪ್ಪಂದವೂ ಹೌದು. ಹಾಗಾಗಿ NIFTY26428 ಎಂದು ಹುಡುಕಿದರೆ ಏನೂ ಸಿಗದು. ಪೇಟೆಯ ಮಂದಿ ಏಪ್ರಿಲ್ ಸೀರೀಸ್, ಮೇ ಸೀರೀಸ್ ಎನ್ನುವುದು ಈ ತಿಂಗಳ ಒಪ್ಪಂದಗಳ ಗುಂಪಿಗೆ. ಒಂದು ತಿಂಗಳ ಒಪ್ಪಂದಗಳು ಮುಗಿದ ಮಾರನೆಯ ದಿನದಿಂದ ಮುಂದಿನ ತಿಂಗಳ ಸೀರೀಸ್ ಶುರುವಾಯಿತು ಎನ್ನುತ್ತಾರೆ.

ಎರಡೂ ಒಪ್ಪಂದಗಳಲ್ಲಿ ಸ್ಟ್ರೈಕ್ ಒಂದೇ, 25000. ಎರಡೂ ಏಪ್ರಿಲ್‌ನವು, ಎರಡೂ ಕಾಲ್. ಆದರೆ ಬೆಲೆಯಲ್ಲಿ ಅಜಗಜಾಂತರ. ನಿಫ್ಟಿ 25,000ದ ಆಸುಪಾಸಿನಲ್ಲಿದೆ, 13ಕ್ಕೆ ಮುಗಿಯುವ ಕಾಲ್ 80 ರೂಪಾಯಿಗೂ 28ಕ್ಕೆ ಮುಗಿಯುವುದು 300 ರೂಪಾಯಿಗೂ ಸಿಗುತ್ತಿದೆ ಎಂದುಕೊಳ್ಳೋಣ. ಈ ಬೆಲೆಗಳು ಉದಾಹರಣೆಗಷ್ಟೇ. ಹೆಚ್ಚಿನ 220 ರೂಪಾಯಿ ಹೆಚ್ಚಿನ ಹದಿನೈದು ದಿನಗಳ ಬೆಲೆ. ನಿಫ್ಟಿ ಮೇಲೇರಲು ಅಷ್ಟು ದಿನ ಸಿಗುತ್ತದೆ ಎಂಬುದಕ್ಕೆ ಕೊಳ್ಳುವವನು ಕೊಡುವ ಹಣ ಅದು. ವಾರದ ಒಪ್ಪಂದ ಅಗ್ಗವಾಗಿ ಕಾಣುವುದಕ್ಕೆ ಕಾರಣವೂ ಇದೇ. ಅದರಲ್ಲಿ ಕೊಳ್ಳುತ್ತಿರುವ ಸಮಯವೇ ಕಡಿಮೆ, ಆ ಸಮಯ ದಿನದಿನಕ್ಕೂ ಕರಗುತ್ತದೆ.

ವಾರದ ಒಪ್ಪಂದಗಳ ಚರಿತ್ರೆ ಚಿಕ್ಕದು. ಭಾರತದಲ್ಲಿ ನಿಫ್ಟಿ ಆಪ್ಷನ್ ಶುರುವಾದದ್ದು 2001ರ ಜೂನ್‌ನಲ್ಲಿ, ತಿಂಗಳ ಒಪ್ಪಂದಗಳೊಂದಿಗೆ. ವಾರದ ಒಪ್ಪಂದ ಮೊದಲು ಬಂದದ್ದು 2016ರಲ್ಲಿ, ಬ್ಯಾಂಕ್ ನಿಫ್ಟಿಯಲ್ಲಿ. ನಿಫ್ಟಿಗೆ ಬಂದದ್ದು 2019ರಲ್ಲಿ. ಆಮೇಲೆ ಒಂದೊಂದು ಸೂಚ್ಯಂಕಕ್ಕೆ ಒಂದೊಂದು ದಿನ ಎಂಬಂತಾಗಿ ವಾರಪೂರ್ತಿ ಎಲ್ಲಾದರೂ ಒಂದು ಎಕ್ಸ್‌ಪೈರಿ ಇರುವ ಸ್ಥಿತಿ ಬಂತು. 2024ರ ಅಕ್ಟೋಬರ್‌ನಲ್ಲಿ ಸೆಬಿ ಇದಕ್ಕೆ ಕಡಿವಾಣ ಹಾಕಿತು. ಒಂದು ವಿನಿಮಯ ಕೇಂದ್ರ ಒಂದೇ ಸೂಚ್ಯಂಕಕ್ಕೆ ವಾರದ ಒಪ್ಪಂದ ಇಟ್ಟುಕೊಳ್ಳಬಹುದು ಎಂಬ ನಿಯಮ ಬಂದು, ಬ್ಯಾಂಕ್ ನಿಫ್ಟಿಯ ವಾರದ ಒಪ್ಪಂದ ಅದೇ ವರ್ಷದ ನವೆಂಬರ್‌ನಲ್ಲಿ ನಿಂತುಹೋಯಿತು. ಹಳೆಯ ವಿಡಿಯೊಗಳನ್ನು ನೋಡಿ ಕಲಿಯುವ ಹೊಸಬರು ಬ್ಯಾಂಕ್ ನಿಫ್ಟಿಯ ವಾರದ ಆಪ್ಷನ್ ಹುಡುಕಿ ಸಿಗದೆ ಗೊಂದಲಕ್ಕೆ ಬೀಳುವುದು ಇದೇ ಕಾರಣಕ್ಕೆ. ಅದರಲ್ಲಿ ಈಗ ಉಳಿದಿರುವುದು ತಿಂಗಳ ಮತ್ತು ತ್ರೈಮಾಸಿಕ ಒಪ್ಪಂದಗಳು.

ಒಂದು ಜೂನ್ ಒಪ್ಪಂದದ ಜೀವನ

ವಾರ, ತಿಂಗಳು, ತ್ರೈಮಾಸಿಕ ಎಂದಾಗ ಇವು ಮೂರು ಬೇರೆಬೇರೆ ಸರಕುಗಳು ಎಂಬ ಭಾವನೆ ಬರುತ್ತದೆ. NIFTY26JUN25000CE ಎಂಬ ಒಂದು ಹೆಸರನ್ನು ಹಿಡಿದು ಹೋದರೆ ಹಾಗಲ್ಲ ಎಂಬುದು ತಿಳಿಯುತ್ತದೆ.

ನಿಫ್ಟಿಯಲ್ಲಿ ಯಾವುದೇ ದಿನ ಮುಂದಿನ ಕೆಲವು ವಾರಗಳ ಒಪ್ಪಂದಗಳು, ಸಾಲಾಗಿ ಮೂರು ತಿಂಗಳ ಒಪ್ಪಂದಗಳು ಇರುತ್ತವೆ. ಅದರಾಚೆಗೆ ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ಎಂಬ ಸರಣಿಯಲ್ಲಿ ಮುಂದಿನ ಮೂರು ತ್ರೈಮಾಸಿಕ ಒಪ್ಪಂದಗಳಿರುತ್ತವೆ. ಅದಕ್ಕೂ ಆಚೆ ಜೂನ್ ಮತ್ತು ಡಿಸೆಂಬರ್‌ನ ಅರ್ಧವಾರ್ಷಿಕ ಒಪ್ಪಂದಗಳು, ಸುಮಾರು ಐದು ವರ್ಷದ ದೂರದವರೆಗೆ. ಹಾಗಾಗಿ 2026ರ ಜೂನ್ ಸರಣಿ ಪೇಟೆಗೆ ಬಂದದ್ದು ವರ್ಷಗಳ ಹಿಂದೆ, ಅರ್ಧವಾರ್ಷಿಕ ಒಪ್ಪಂದವಾಗಿ. ಕಾಲ ಸರಿದಂತೆ ಅದೇ ತ್ರೈಮಾಸಿಕದ ಸಾಲಿಗೆ ಬಂತು. ಏಪ್ರಿಲ್ ಸೀರೀಸ್ ನಡೆಯುವಾಗ ಏಪ್ರಿಲ್, ಮೇ, ಜೂನ್ ಎಂಬ ಮೂರು ತಿಂಗಳ ಸಾಲಿನಲ್ಲಿ ಅದು ಕೊನೆಯದು. ಜೂನ್‌ನಲ್ಲಿ ಅದೇ ಚಾಲ್ತಿ ತಿಂಗಳ ಒಪ್ಪಂದ. ಜೂನ್ 30ರ ಮಂಗಳವಾರ ಮುಗಿಯುವ ಮುಂಚಿನ ಕೊನೆಯ ವಾರದಲ್ಲಿ ಅದು ವಾರದ ಒಪ್ಪಂದದ ಕೆಲಸವನ್ನೂ ಮಾಡುತ್ತದೆ. ಈ ಉದ್ದಕ್ಕೂ ಹೆಸರು ಮಾತ್ರ ಒಂದೇ.

ಹೆಸರು ಒಂದೇ ಇದ್ದರೂ ಅದರ ಒಳಗಿನ ತಾರೀಖು ಬದಲಾದದ್ದು ಇದೇ ಒಪ್ಪಂದದಲ್ಲಿ ನಡೆದಿದೆ. ಎಕ್ಸ್‌ಪೈರಿ ಗುರುವಾರ ಇದ್ದ ಕಾಲದಲ್ಲಿ ಈ ಜೂನ್ ಒಪ್ಪಂದ ಮುಗಿಯಬೇಕಿದ್ದುದು ಆ ತಿಂಗಳ ಕೊನೆಯ ಗುರುವಾರ, ಜೂನ್ 25ರಂದು. ದಿನ ಮಂಗಳವಾರಕ್ಕೆ ಬದಲಾದಾಗ ದೂರದ ಒಪ್ಪಂದಗಳನ್ನೂ ಹೊಸ ದಿನಕ್ಕೆ ಹೊಂದಿಸಲಾಯಿತು. 25 ಹೋಗಿ 30 ಬಂತು. ಕೊಂಡು ಇಟ್ಟುಕೊಂಡವನಿಗೆ ಐದು ದಿನ ಹೆಚ್ಚು ಸಿಕ್ಕಿತು, ಬರೆದುಕೊಟ್ಟವನ ಹೊಣೆ ಐದು ದಿನ ಲಂಬಿಸಿತು. ಹೆಸರಿನಲ್ಲಿ ತಾರೀಖೇ ಇಲ್ಲದ್ದರಿಂದ ಹೊರಗೆ ಏನೂ ಬದಲಾದಂತೆ ಕಾಣಲಿಲ್ಲ.

ದೂರದ ಒಪ್ಪಂದಗಳಲ್ಲಿ ಇನ್ನೊಂದು ಮಿತಿ ಇದೆ. ಅವು ಪಟ್ಟಿಯಲ್ಲಿವೆ ಎಂದ ಮಾತ್ರಕ್ಕೆ ಅವುಗಳಲ್ಲಿ ವಹಿವಾಟು ಇದೆ ಎಂದಲ್ಲ. ಹತ್ತಿರದ ವಾರ, ಹತ್ತಿರದ ತಿಂಗಳಲ್ಲಿ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವೆ ಪೈಸೆಗಳ ಅಂತರವಿದ್ದರೆ, ವರ್ಷದಾಚೆಯ ಒಪ್ಪಂದದಲ್ಲಿ ಹತ್ತಾರು ರೂಪಾಯಿಯ ಅಂತರ ಇರಬಹುದು. ಕೆಲವು ಸ್ಟ್ರೈಕ್‌ಗಳಲ್ಲಿ ಒಂದು ಕಡೆ ಯಾರೂ ಇರುವುದಿಲ್ಲ. ಇದನ್ನು ಕಂಡುಕೊಳ್ಳುವುದು ಕಷ್ಟವಲ್ಲ. ಆರ್ಡರ್ ಹಾಕುವ ಮುಂಚೆ ಕೊಳ್ಳುವವರ, ಮಾರುವವರ ಐದೈದು ಬೆಲೆಗಳ ಪಟ್ಟಿಯನ್ನು ತೆರೆದು ನೋಡಿದರೆ ಸಾಕು. ಅಂತರ ದೊಡ್ಡದಿದ್ದರೆ, ಕೊಂಡ ಕ್ಷಣವೇ ಆ ಅಂತರದಷ್ಟು ನಷ್ಟ ಲೆಕ್ಕಕ್ಕೆ ಸೇರಿರುತ್ತದೆ.

ಹೆಸರಿನಲ್ಲಿ ಇಲ್ಲದ ಸಂಖ್ಯೆ

ಇಷ್ಟೆಲ್ಲ ಹೇಳುವ ಹೆಸರು ಹೇಳದೇ ಬಿಡುವ ದೊಡ್ಡ ಸಂಗತಿ ಲಾಟ್. ಪರದೆಯ ಮೇಲೆ 80 ರೂಪಾಯಿ ಎಂದು ಕಾಣುವುದು ಒಂದು ಘಟಕದ ಬೆಲೆ. ಆದರೆ ಒಂದು ಘಟಕವನ್ನು ಯಾರೂ ಕೊಳ್ಳಲಾಗದು. ಎಷ್ಟು ಘಟಕಗಳು ಸೇರಿ ಒಂದು ಲಾಟ್ ಎಂಬುದನ್ನು ವಿನಿಮಯ ಕೇಂದ್ರ ನಿಗದಿ ಮಾಡುತ್ತದೆ. ಕೊಳ್ಳುವುದು, ಮಾರುವುದು ಲಾಟ್‌ಗಳ ಲೆಕ್ಕದಲ್ಲೇ. 2026ರ ಜನವರಿ ಸೀರೀಸ್‌ನಿಂದ ನಿಫ್ಟಿಯ ಲಾಟ್ 65.

ಹಾಗಾದರೆ ನಮ್ಮ ಏಪ್ರಿಲ್ 13ರ ಕಾಲ್ ಒಂದು ಲಾಟ್ ಕೊಳ್ಳಲು ಬೇಕಾದದ್ದು 80 ರೂಪಾಯಿ ಅಲ್ಲ. 80ನ್ನು 65ರಿಂದ ಗುಣಿಸಿದರೆ 5,200 ರೂಪಾಯಿ, ಮೇಲೆ ಬ್ರೋಕರೇಜು ಮತ್ತು ತೆರಿಗೆ. ಏಪ್ರಿಲ್ 13ರಂದು ನಿಫ್ಟಿ 25,120ಕ್ಕೆ ಮುಗಿದರೆ ಪ್ರತಿ ಘಟಕಕ್ಕೆ 120 ರೂಪಾಯಿಯಂತೆ 7,800 ರೂಪಾಯಿ ಖಾತೆಗೆ ಬರುತ್ತದೆ. ಖರ್ಚು ಬಿಟ್ಟರೆ ಲಾಭ 2,600 ರೂಪಾಯಿಗಿಂತ ಸ್ವಲ್ಪ ಕಡಿಮೆ. 25,080ಕ್ಕೆ ಮುಗಿದರೆ ಹಾಕಿದ ಹಣವಷ್ಟೇ ವಾಪಸು. 24,990ಕ್ಕೆ ಮುಗಿದರೆ ಹತ್ತೇ ಅಂಶದ ಕೊರತೆಯಿಂದ 5,200 ರೂಪಾಯಿ ಪೂರ್ತಿ ಹೋಗುತ್ತದೆ. ಇದೇ ವ್ಯಕ್ತಿ ಪಟ್ಟಿಯಲ್ಲಿ ಕೈತಪ್ಪಿ 28ರ ತಿಂಗಳ ಒಪ್ಪಂದ ಒತ್ತಿದ್ದರೆ 300 ಗುಣಿಸು 65, ಅಂದರೆ 19,500 ರೂಪಾಯಿ ಖಾತೆಯಿಂದ ಹೋಗಿರುತ್ತಿತ್ತು.

ಲಾಟ್‌ನ ಸಂಖ್ಯೆ ಎಲ್ಲಿಂದ ಬರುತ್ತದೆ? ಅದು ಒಪ್ಪಂದದ ಒಟ್ಟು ಮೌಲ್ಯವನ್ನು ನೋಡಿ ಬರುತ್ತದೆ. ಲಾಟ್ ಅನ್ನು ಸೂಚ್ಯಂಕದ ಮಟ್ಟದಿಂದ ಗುಣಿಸಿದರೆ ಸಿಗುವುದೇ ಆ ಮೌಲ್ಯ. ನಿಫ್ಟಿ 25,000ದಲ್ಲಿದ್ದಾಗ 65ರ ಲಾಟ್ ಎಂದರೆ 16,25,000 ರೂಪಾಯಿಯ ಒಪ್ಪಂದ. 2015ರಿಂದ ಜಾರಿಯಲ್ಲಿದ್ದ ನಿಯಮದ ಪ್ರಕಾರ ಈ ಮೌಲ್ಯ 5ರಿಂದ 10 ಲಕ್ಷದ ನಡುವೆ ಇದ್ದರೆ ಸಾಕಿತ್ತು. ಸೆಬಿ 2024ರ ಅಕ್ಟೋಬರ್‌ನಲ್ಲಿ ಅದನ್ನು ಕನಿಷ್ಠ 15 ಲಕ್ಷಕ್ಕೆ ಏರಿಸಿತು. ಅದಕ್ಕೂ ಸ್ವಲ್ಪ ಮುಂಚೆ ಸೆಬಿಯೇ ಪ್ರಕಟಿಸಿದ ಅಧ್ಯಯನದಲ್ಲಿ, 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವಹಿವಾಟು ಮಾಡಿದ ಸಾಮಾನ್ಯರಲ್ಲಿ ಶೇ 93ರಷ್ಟು ಮಂದಿ ಹಣ ಕಳೆದುಕೊಂಡಿದ್ದರು. ಲಾಟ್ ಸಣ್ಣದಿದ್ದಷ್ಟೂ ಸಣ್ಣ ಉಳಿತಾಯದವರು ಸುಲಭವಾಗಿ ಒಳಗೆ ಬರುತ್ತಾರೆ. ಆ ಬಾಗಿಲನ್ನು ಕಿರಿದು ಮಾಡುವುದೂ ಈ ಏರಿಕೆಯ ಉದ್ದೇಶವಾಗಿತ್ತು.

ಹೀಗಾಗಿ ನಿಫ್ಟಿಯ ಲಾಟ್ ಇಷ್ಟು ವರ್ಷಗಳಲ್ಲಿ ಏರುತ್ತಾ ಇಳಿಯುತ್ತಾ ಬಂದಿದೆ. 2000ದಲ್ಲಿ ನಿಫ್ಟಿ ಫ್ಯೂಚರ್ಸ್ ಶುರುವಾದಾಗ 200 ಇತ್ತು. ಸೂಚ್ಯಂಕ ಮೇಲೇರಿದಂತೆ ಒಪ್ಪಂದದ ಮೌಲ್ಯ ಉಬ್ಬದಿರಲೆಂದು ಲಾಟ್ ಕುಗ್ಗುತ್ತಾ ಹೋಯಿತು. 2024ರ ಏಪ್ರಿಲ್‌ನಲ್ಲಿ 50ರಿಂದ 25ಕ್ಕೆ ಇಳಿದಿತ್ತು. ಹೊಸ ನಿಯಮ ಬಂದ ಮೇಲೆ ಅದೇ ವರ್ಷದ ನವೆಂಬರ್‌ನಲ್ಲಿ ಒಮ್ಮೆಲೇ 75ಕ್ಕೆ ಏರಿತು. ನಿಯಮಿತ ಪರಿಶೀಲನೆಯ ನಂತರ 2025ರ ಡಿಸೆಂಬರ್ 30ರ ಎಕ್ಸ್‌ಪೈರಿ ಮುಗಿದ ಮೇಲೆ 65ಕ್ಕೆ ಬಂತು. ಇದೇ ಸಲ ಬ್ಯಾಂಕ್ ನಿಫ್ಟಿಯ ಲಾಟ್ 35ರಿಂದ 30ಕ್ಕೆ ಇಳಿಯಿತು.

ಇಂಥ ಬದಲಾವಣೆಯ ಹೊತ್ತಿನಲ್ಲಿ ಎಚ್ಚರ ಬೇಕಾದವರು ದೂರದ ಒಪ್ಪಂದ ಹಿಡಿದವರು. ವಾರದ, ತಿಂಗಳ ಹಳೆಯ ಒಪ್ಪಂದಗಳು ಹಳೆಯ ಲಾಟ್‌ನಲ್ಲೇ ಮುಗಿದವು. 2026ರ ಜನವರಿಯವು ಹೊಸ ಲಾಟ್‌ನಲ್ಲಿ ಶುರುವಾದವು. ಆದರೆ ತ್ರೈಮಾಸಿಕ ಮತ್ತು ಅರ್ಧವಾರ್ಷಿಕ ಒಪ್ಪಂದಗಳು ಎರಡೂ ಕಾಲಕ್ಕೆ ಸೇರಿದವು. ಅವುಗಳ ಲಾಟ್ ನಡುವೆಯೇ 75ರಿಂದ 65 ಆಯಿತು. ಅದಕ್ಕೆ ಮುಂಚೆ NIFTY26JUN25000CE ಒಂದು ಲಾಟ್ ಕೊಂಡವರ ಬಳಿ 75 ಘಟಕಗಳಿದ್ದವು. ಹೊಸ ಲೆಕ್ಕದಲ್ಲಿ 65 ಒಂದು ಲಾಟ್, ಉಳಿದ 10 ಲಾಟ್‌ಗೆ ಸೇರದ ಚಿಲ್ಲರೆ. ಆರ್ಡರ್ 65ರ ಮಡಿಯಲ್ಲೇ ಹಾಕಬೇಕಾದ್ದರಿಂದ ಆ ಹತ್ತನ್ನು ಮಾಮೂಲಿಯಾಗಿ ಮಾರಲಾಗದು. ಆದ್ದರಿಂದಲೇ ಲಾಟ್ ಬದಲಾಗುವ ಸುತ್ತೋಲೆ ಬಂದ ಕೂಡಲೇ ದೂರದ ಒಪ್ಪಂದ ಇಟ್ಟುಕೊಂಡವರು ತಮ್ಮ ಬಳಿ ಇರುವ ಸಂಖ್ಯೆ ಹೊಸ ಲಾಟ್‌ನಿಂದ ಭಾಗವಾಗುತ್ತದೆಯೇ ಎಂದು ನೋಡಿಕೊಳ್ಳಬೇಕು.

ಇನ್ಫೊಸಿಸ್‌ನ ನಾನೂರು ಷೇರು

ಕಂಪನಿ ಷೇರುಗಳ ಆಪ್ಷನ್‌ಗಳಲ್ಲಿ ಹೆಸರು ಇನ್ನೂ ಸರಳ, ಪರಿಣಾಮ ಇನ್ನೂ ದೊಡ್ಡದು. ಅಲ್ಲಿ ವಾರದ ಒಪ್ಪಂದ ಇಲ್ಲ, ತ್ರೈಮಾಸಿಕವೂ ಇಲ್ಲ. ಚಾಲ್ತಿ ತಿಂಗಳು, ಮುಂದಿನದು, ಅದರ ಮುಂದಿನದು ಎಂಬ ಮೂರು ಸರಣಿಗಳಷ್ಟೇ. ಬೆಂಗಳೂರಿನ ಇನ್ಫೊಸಿಸ್‌ನ ಒಂದು ಒಪ್ಪಂದ ಹೀಗಿತ್ತು:

```
INFY25DEC1600CE
```

2025ರ ಡಿಸೆಂಬರ್ ಸೀರೀಸ್, 1,600 ರೂಪಾಯಿಯ ಸ್ಟ್ರೈಕ್, ಕಾಲ್. ಮುಗಿಯುವ ದಿನ ಡಿಸೆಂಬರ್ 30, ಮಂಗಳವಾರ. ಆಗ ಇನ್ಫೊಸಿಸ್‌ನ ಲಾಟ್ 400 ಷೇರು. ಒಬ್ಬರು ಇದನ್ನು 20 ರೂಪಾಯಿ ಪ್ರೀಮಿಯಂಗೆ ಕೊಂಡಿದ್ದರು ಎಂದು ಭಾವಿಸಿದರೆ, ಅವರು ಕೊಟ್ಟದ್ದು 8,000 ರೂಪಾಯಿ. ಕೊನೆಯ ದಿನ ಷೇರು 1,603ರಲ್ಲಿ ನಿಂತಿತು ಎಂದೇ ಇಟ್ಟುಕೊಳ್ಳೋಣ. ನಿಫ್ಟಿಯ ರೂಢಿಯಲ್ಲಿ ಲೆಕ್ಕ ಹಾಕಿದರೆ 3 ರೂಪಾಯಿಯಂತೆ 1,200 ರೂಪಾಯಿ ವಾಪಸು ಬರಬೇಕು, ನಷ್ಟ 6,800 ರೂಪಾಯಿ. ಆದರೆ ಇಲ್ಲಿ ನಡೆಯುವುದು ಹಾಗಲ್ಲ.

2019ರ ಅಕ್ಟೋಬರ್‌ನಿಂದ ಎಲ್ಲ ಕಂಪನಿ ಷೇರುಗಳ ಆಪ್ಷನ್‌ಗಳು ನಗದಿನಲ್ಲಿ ಅಲ್ಲ, ಷೇರಿನಲ್ಲೇ ಚುಕ್ತಾ ಆಗುತ್ತವೆ. 1,603ರಲ್ಲಿ ಈ ಕಾಲ್‌ಗೆ ಬೆಲೆ ಇದೆ. ಆದ್ದರಿಂದ ಅದು ತಾನಾಗಿಯೇ ಜಾರಿಗೆ ಬಂದು, ಕೊಂಡವರು 400 ಷೇರುಗಳನ್ನು 1,600ರ ದರದಲ್ಲಿ ತೆಗೆದುಕೊಳ್ಳಲೇಬೇಕು. ಕೊಡಬೇಕಾದ ಹಣ 6,40,000 ರೂಪಾಯಿ. 8,000 ರೂಪಾಯಿಯ ಧೈರ್ಯದ ಮೇಲೆ ಬಂದವರ ಮುಂದೆ ಆರು ಲಕ್ಷದ ಹೊಣೆ ನಿಲ್ಲುತ್ತದೆ. ಪುಟ್ ಕೊಂಡವರಾದರೆ 400 ಷೇರುಗಳನ್ನು ತಮ್ಮ ಡಿಮ್ಯಾಟ್ ಖಾತೆಯಿಂದ ಕೊಡಬೇಕು. ಇಲ್ಲದಿದ್ದರೆ ಪೇಟೆಯಲ್ಲಿ ಹರಾಜಿನಲ್ಲಿ ಕೊಂಡು ತುಂಬಿಸುವ ಖರ್ಚು ಅವರ ಮೇಲೆ ಬೀಳುತ್ತದೆ.

ಈ ಅಪಾಯ ಮುನ್ಸೂಚನೆ ಇಲ್ಲದೆ ಬರುವುದಿಲ್ಲ. ಬೆಲೆ ಇರುವ ಆಪ್ಷನ್‌ಗಳಿಗೆ ಎಕ್ಸ್‌ಪೈರಿಯ ನಾಲ್ಕು ದಿನ ಮುಂಚಿನಿಂದಲೇ ಹಂತಹಂತವಾಗಿ ಹೆಚ್ಚಿನ ಮಾರ್ಜಿನ್ ಕೇಳಲಾಗುತ್ತದೆ. ಕೊಂಡವರಿಂದಲೂ ಮಾರ್ಜಿನ್ ಕೇಳುವುದು ಆಪ್ಷನ್‌ನಲ್ಲಿ ಈ ಸಂದರ್ಭದಲ್ಲೇ. ಬ್ರೋಕರ್‌ನಿಂದ ಅಂಥ ಸಂದೇಶ ಬಂದರೆ ಅದು ಜಾಹೀರಾತಲ್ಲ. ಷೇರು ತೆಗೆದುಕೊಳ್ಳುವ ಹಣ ಇಲ್ಲದವರು ಆ ಹೊತ್ತಿಗೆ ಆಪ್ಷನ್ ಮಾರಿ ಹೊರಬರುವುದೇ ಸರಿ. OPTSTK ಎಂಬ ಗುರುತು ಕಂಡಲ್ಲೆಲ್ಲ ಷೇರಿನಲ್ಲಿ ಚುಕ್ತಾ, OPTIDX ಇದ್ದಲ್ಲಿ ನಗದಿನಲ್ಲಿ ಚುಕ್ತಾ ಎಂದು ನೆನಪಿಟ್ಟರೆ ಗೊಂದಲವಿಲ್ಲ.

ಷೇರುಗಳ ಒಪ್ಪಂದದಲ್ಲಿ ನಡುವೆ ಹೆಸರೇ ಬದಲಾಗುವ ಸಂದರ್ಭವೂ ಇದೆ. 2018ರ ಸೆಪ್ಟೆಂಬರ್‌ನಲ್ಲಿ ಇನ್ಫೊಸಿಸ್ ಒಂದಕ್ಕೊಂದು ಬೋನಸ್ ಷೇರು ಕೊಟ್ಟಿತು. ಷೇರುಗಳು ಎರಡರಷ್ಟಾದವು, ಬೆಲೆ ಅರ್ಧಕ್ಕೆ ಬಂತು. ಇಂಥಲ್ಲಿ ಒಪ್ಪಂದ ಹಿಡಿದವರಿಗೆ ಲಾಭವೂ ನಷ್ಟವೂ ಆಗದಂತೆ ವಿನಿಮಯ ಕೇಂದ್ರ ಸ್ಟ್ರೈಕ್ ಅನ್ನು ಅರ್ಧ ಮಾಡಿ, ಲಾಟ್ ಅನ್ನು ಎರಡರಷ್ಟು ಮಾಡುತ್ತದೆ. 1400ರ ಸ್ಟ್ರೈಕ್ 700 ಆಗುತ್ತದೆ. ಸ್ಟ್ರೈಕ್ ಹೆಸರಿನ ಭಾಗವಾದ್ದರಿಂದ ಹೆಸರೂ ಬದಲಾಗುತ್ತದೆ. ಹಿಂದಿನ ದಿನ ಕೊಂಡ ಒಪ್ಪಂದ ಮಾರನೆಯ ದಿನ ಬೇರೆ ಹೆಸರಿನಲ್ಲಿ, ಬೇರೆ ಸಂಖ್ಯೆಯಲ್ಲಿ ಕಂಡರೆ ಹೆದರಬೇಕಿಲ್ಲ. ಸ್ಟ್ರೈಕ್ ಅನ್ನು ಲಾಟ್‌ನಿಂದ ಗುಣಿಸಿ ನೋಡಿದರೆ ಹಳೆಯ ಮೊತ್ತವೇ ಬರುತ್ತದೆ.

ಆಪ್ಷನ್ ಕೊಳ್ಳಲೇಬೇಕೆಂದು ನಿರ್ಧರಿಸಿದವರು ಆರ್ಡರ್ ಒತ್ತುವ ಮುಂಚೆ ಪರದೆಯಲ್ಲಿ ಮೂರು ಕಡೆ ಕಣ್ಣು ಹಾಯಿಸಲಿ. ಹೆಸರಿನ ಮೇಲೆ ಒತ್ತಿ ಒಪ್ಪಂದದ ಪೂರ್ತಿ ಎಕ್ಸ್‌ಪೈರಿ ತಾರೀಖನ್ನು ನೋಡಲಿ, ಸಾಲಿನೊಳಗಿನ ಅಂಕಿಗಳನ್ನು ಊಹಿಸುವುದು ಬೇಡ. ಪ್ರಮಾಣದ ಜಾಗದಲ್ಲಿ ಕಾಣುವ ಸಂಖ್ಯೆ ಲಾಟ್‌ಗಳದ್ದೋ ಘಟಕಗಳದ್ದೋ ಎಂದು ಖಚಿತಪಡಿಸಿಕೊಳ್ಳಲಿ. ಆಪ್‌ನಿಂದ ಆಪ್‌ಗೆ ಇದು ಬೇರೆ ಇರುತ್ತದೆ. ಕೊನೆಗೆ ಬೆಲೆಯನ್ನು ಘಟಕಗಳಿಂದ ಗುಣಿಸಿ ಬಂದ ಮೊತ್ತವನ್ನು, ಷೇರಿನ ಆಪ್ಷನ್ ಆದರೆ ಸ್ಟ್ರೈಕ್ ಅನ್ನು ಲಾಟ್‌ನಿಂದ ಗುಣಿಸಿ ಬಂದ ಮೊತ್ತವನ್ನೂ, ಒಂದು ಕಾಗದದಲ್ಲಿ ಬರೆದುಕೊಳ್ಳಲಿ. ಅದೇ ದಿನ ಸಂಜೆ ಬ್ರೋಕರ್ ಇಮೇಲ್‌ನಲ್ಲಿ ಕಳಿಸುವ ಕಾಂಟ್ರಾಕ್ಟ್ ನೋಟ್‌ನಲ್ಲಿ ಒಪ್ಪಂದ, ಪ್ರಮಾಣ, ಬೆಲೆ ಎಲ್ಲವೂ ಇರುತ್ತದೆ. ಅದನ್ನು ಆ ಕಾಗದದೊಂದಿಗೆ ಹೋಲಿಸಿ ನೋಡಿ. ಎರಡರಲ್ಲಿ ವ್ಯತ್ಯಾಸ ಕಂಡರೆ ಮಾರನೆಯ ದಿನ ಪೇಟೆ ತೆರೆಯುವ ಮುಂಚೆಯೇ ಬ್ರೋಕರ್‌ಗೆ ಫೋನ್ ಮಾಡಿ.